ಬಿದರಿ ಹೂಜಿ: ಲೂಪ್ ವಿಡಿಯೊ, ತಿದ್ದಿದ ಸ್ಕ್ರಿಪ್ಟ್

ಎಡಿಟರ್ ಗಮನಕ್ಕೆ: ಹಳೆಯ ಸ್ಕ್ರಿಪ್ಟ್ 'ನಮಸ್ಕಾರ, ಬನ್ನಿ' ಅಂತ ಶುರುವಾಗಿ 'ಧನ್ಯವಾದ' ಅಂತ ಮುಗಿಯುತ್ತಿತ್ತು. ಆದರೆ ವಿಡಿಯೊ ನಿಲ್ಲದೆ ಮತ್ತೆ ಮತ್ತೆ ಓಡುತ್ತದೆ, ಜನ ಬಂದು ನಿಲ್ಲುವುದು ನಡುವೆಯೇ ಅಲ್ವಾ? ಹಾಗಾಗಿ ಎರಡನ್ನೂ ತೆಗೆದೆ. 'ಆಗಲೇ ನೋಡಿದ ಹಾಗೆ', 'ಮುಂದಿನ ಹಂತದಲ್ಲಿ' ಕೂಡ ಹೋದವು. ಪ್ರತಿ ತುಣುಕಿನಲ್ಲೂ ಹೂಜಿಯ ಹೆಸರು ಬರುತ್ತದೆ, ಅದನ್ನು ಕತ್ತರಿಸಬೇಡಿ. ಒಟ್ಟು ಎರಡು ನಿಮಿಷ. ಮೂಲೆಯಲ್ಲಿ ಈ ಸಾಲು ಸದಾ ಇರಲಿ: 'ಬಿದರಿ ಹೂಜಿ. ಸತು, ತಾಮ್ರ, ಬೆಳ್ಳಿ. ಬೀದರ್.'

(ಪರದೆ ತುಂಬ ಕಪ್ಪು. ಕ್ಯಾಮೆರಾ ಹಿಂದೆ ಸರಿದಂತೆ ಹೂಜಿಯ ಹೊಟ್ಟೆ, ಬೆಳ್ಳಿ ಬಳ್ಳಿ.)
ನಿಮ್ಮ ಎದುರಿನ ಗಾಜಿನ ಪೆಟ್ಟಿಗೆಯಲ್ಲಿರುವ ಹೂಜಿ ಇದೇ. ಇದಕ್ಕೆ ಯಾರೂ ಬಣ್ಣ ಬಳಿದಿಲ್ಲ. ಕಪ್ಪು ಬಂದದ್ದು ಮಣ್ಣಿನಿಂದ. ಬಳ್ಳಿಯ ಬಿಳುಪು ಬೆಳ್ಳಿಯದು. ಇಂಥ ಕೆಲಸಕ್ಕೆ ಬೀದರ್ ಊರಿನ ಹೆಸರೇ ಬಂದಿದೆ: ಬಿದರಿ.

(ಕರಗಿದ ಲೋಹ ಅಚ್ಚಿಗೆ ಇಳಿಯುತ್ತದೆ.)
ಬಿದರಿ ಹೂಜಿಯ ಮೈ ಸತುವಿನದು, ಜೊತೆಗೆ ಸ್ವಲ್ಪ ತಾಮ್ರ. ಮಣ್ಣಿನ ಅಚ್ಚಿನಿಂದ ಹೊರಬಂದಾಗ ಅದು ಬರೀ ಬೂದು ಬಣ್ಣದ ಒರಟು ಪಾತ್ರೆ. ಅರದಿಂದ ಉಜ್ಜಿ ನಯ ಮಾಡುತ್ತಾರೆ.

(ಉಳಿಯ ತುದಿ, ತೀರಾ ಹತ್ತಿರದಿಂದ. ಹಿನ್ನೆಲೆ ಸಂಗೀತ ಬೇಡ.)
ಬೂದು ಲೋಹದ ಮೇಲೆ ಉಳಿಯ ಗೆರೆ ಕಾಣುವುದು ಕಷ್ಟ. ಅದಕ್ಕೇ ಹೂಜಿಗೆ ಮೈಲುತುತ್ತದ ನೀರು ಸವರುತ್ತಾರೆ. ಲೋಹ ಕಪ್ಪಾಗುತ್ತದೆ, ಕೆತ್ತಿದ ಗೆರೆ ಹೊಳೆಯುತ್ತದೆ. ಈ ಕಪ್ಪು ಉಳಿಯುವುದಿಲ್ಲ. ಪಾಲಿಶ್ ಮಾಡಿದಾಗ ಅಳಿಸಿಹೋಗುತ್ತದೆ.

(ಸುತ್ತಿಗೆ ಸದ್ದು. ಒಂದು ಎಲೆಯ ಅಂಚು, ಅದರೊಳಗೆ ಕೂರುತ್ತಿರುವ ತಂತಿ. ಇಲ್ಲಿ ಐದು ಸೆಕೆಂಡ್ ಮಾತಿಲ್ಲ. ಜನ ಸುಮ್ನೆ ನೋಡಲಿ.)
ಹೂಜಿಯ ಮೇಲಿನ ಬಳ್ಳಿ ಅಂಟಿಸಿದ್ದಲ್ಲ. ಕೆತ್ತಿದ ಗೀರಿನೊಳಗೆ ಬೆಳ್ಳಿ ತಂತಿ ಇಟ್ಟು ಬಡಿದು ಕೂರಿಸಿದ್ದು. ಪೆಟ್ಟು ಜಾಸ್ತಿಯಾದರೆ ಗೆರೆ ಕೆಡುತ್ತದೆ, ಕಡಿಮೆಯಾದರೆ ತಂತಿ ಏಳುತ್ತದೆ.

(ಬೆಳ್ಳಗೆ ಹೊಳೆಯುವ ಹೂಜಿ. ಪಕ್ಕದಲ್ಲಿ ಒಂದು ಹಿಡಿ ಮಣ್ಣು.)
ಬೆಳ್ಳಿ ಕೂತ ಹೂಜಿಯನ್ನು ಉಜ್ಜಿದಾಗ ಸತು ಯಾವುದು, ಬೆಳ್ಳಿ ಯಾವುದು ಅಂತ ಸರಿಯಾಗಿ ಗೊತ್ತಾಗುವುದಿಲ್ಲ. ಎರಡನ್ನೂ ಬೇರೆ ಮಾಡುವುದು ಬೀದರ್ ಕೋಟೆಯ ಈ ಮಣ್ಣು. ನವಸಾಗರ ಎಂಬ ಲವಣದ ಜೊತೆ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ಹೂಜಿಗೆ ಹಚ್ಚುತ್ತಾರೆ. ಸತುವಿನ ಮೈ ಕಪ್ಪಾಗುತ್ತದೆ. ಬೆಳ್ಳಿ ಬೆಳ್ಳಗೇ ಉಳಿಯುತ್ತದೆ.

(ಎಣ್ಣೆ ಹಚ್ಚಿದ ಬಟ್ಟೆ ಹೂಜಿಯ ಮೇಲೆ ಓಡುತ್ತದೆ. ಕ್ಯಾಮೆರಾ ಹತ್ತಿರ ಹೋಗುತ್ತಾ ಪರದೆ ಪೂರ್ತಿ ಕಪ್ಪಾಗುತ್ತದೆ. ಮೊದಲ ಶಾಟ್‌ನ ಕಪ್ಪಿಗೂ ಇದಕ್ಕೂ ಹೊಂದಿಕೆಯಾಗಬೇಕು. ಫೇಡ್ ಬೇಡ. ಬಟ್ಟೆ ಉಜ್ಜುವ ಸದ್ದು ಜೋಡಣೆ ದಾಟಿ ಎರಡು ಸೆಕೆಂಡ್ ಮುಂದುವರಿಯಲಿ.)