ವಿಷಯ: ಕೋಶೆಂಟ್ ರಿಂಗ್ – ಶೇಷದ ಲೆಕ್ಕ ಎಲ್ಲಿಯವರೆಗೆ ನಡೆಯುತ್ತದೆ?

ಸರ್, ನಮಸ್ಕಾರ.

ನಾನು ಎಂ.ಎಸ್ಸಿ. ಮೊದಲ ಸೆಮಿಸ್ಟರ್‌ನ ಸುಮಾ. ಟೆಸ್ಟ್ ಪೇಪರ್ ಕೊಡುವಾಗ ನೀವು, "ಲೆಕ್ಕ ಸರಿ ಇದೆ, ಆದರೆ ಏನು ಮಾಡ್ತಿದ್ದೀಯ ಅಂತ ನಿನಗೇ ಗೊತ್ತಿದ್ದ ಹಾಗಿಲ್ಲ" ಅಂದಿರಿ. ಅಲ್ಲಿಂದ ಅದರ ಹಿಂದೆಯೇ ಬಿದ್ದಿದ್ದೇನೆ. ಇಂಗ್ಲಿಷಿನಲ್ಲಿ ಬರೆಯಲು ಕೂತರೆ ಪುಸ್ತಕದ ವಾಕ್ಯಗಳೇ ಬರುತ್ತವೆ, ಹಾಗಾಗಿ ಕನ್ನಡದಲ್ಲೇ ಕೇಳುತ್ತಿದ್ದೇನೆ.

Z/6 ಎಂದೂ ಕಷ್ಟ ಕೊಡಲಿಲ್ಲ. ಪಾಲಿನಾಮಿಯಲ್ ಬಂದ ಮೇಲೆ ಎಲ್ಲ ಕಲಸಿಹೋಯಿತು. f + (x² + 1) ಎನ್ನುವುದೇ ಒಂದು ಅನಂತ ಗಣ. ಅಂಥ ಎರಡನ್ನು ಗುಣಿಸುವುದು ಎಂದರೆ ಏನನ್ನು ಕಣ್ಣಮುಂದೆ ಇಟ್ಟುಕೊಳ್ಳಬೇಕು? ಕೊನೆಗೆ ಕೋಸೆಟ್‌ಗಳನ್ನು ಪಕ್ಕಕ್ಕಿಟ್ಟು, ಒಂದೇ ಕಡೆ ಮೂರು ರಿಂಗ್ ಬರೆದು ನೋಡಿದೆ: R[x]/(x² + 1), R[x]/(x²), R[x]/(x² − 1).

ಮೂರರಲ್ಲೂ ಶೇಷ a + bx ಎಂಬ ರೂಪದ್ದೇ, ಕೂಡುವುದೂ ಒಂದೇ ಥರ. ಬೇರೆಯಾಗುವುದು ಗುಣಾಕಾರ ಮಾತ್ರ, ಅದೂ x² ಬದಲು ಏನು ಹಾಕುತ್ತೇವೆ ಎನ್ನುವಲ್ಲಿ. −1 ಹಾಕಿದರೆ ಸಂಕೀರ್ಣ ಸಂಖ್ಯೆಗಳು. 0 ಹಾಕಿದರೆ (a + x)³ = a³ + 3a²x; x ಪಕ್ಕದಲ್ಲಿ ಡಿರೈವೇಟಿವ್ ತಾನಾಗಿಯೇ ಬಂದು ನಿಂತಿದೆ! ಇದನ್ನು ಪಿಯುಸಿಯಲ್ಲೇ ಯಾರಾದರೂ ತೋರಿಸಬಾರದಿತ್ತೇ ಅನ್ನಿಸಿತು. 1 ಹಾಕಿದರೆ (x − 1)(x + 1) = 0, ಮತ್ತು a + bx ಅನ್ನು (a + b, a − b) ಎಂಬ ಜೋಡಿಯಾಗಿ ಓದಿದರೆ ಗುಣಾಕಾರ ಆಯಾ ಸ್ಥಾನದಲ್ಲೇ ನಡೆಯುತ್ತದೆ. ಅಂದರೆ ಆ ರಿಂಗ್‌ಗೆ ಪಾಲಿನಾಮಿಯಲ್‌ನಲ್ಲಿ ಕಾಣುವುದು 1 ಮತ್ತು −1ರಲ್ಲಿನ ಬೆಲೆಗಳಷ್ಟೇ. x² ಆದರೆ 0ಯಲ್ಲಿನ ಬೆಲೆ ಮತ್ತು ಇಳಿಜಾರು. x² + 1ಕ್ಕೆ R ಒಳಗೆ ಮೂಲವೇ ಇಲ್ಲ, ಆದ್ದರಿಂದ ಅದು ಹೊಸದೊಂದನ್ನು ಹುಟ್ಟಿಸುತ್ತದೆ. ಇಷ್ಟು ಹೊತ್ತಿಗೆ ಧೈರ್ಯ ಬಂದಿತ್ತು.

ಆಮೇಲೆ ನೀವು ಕೊಟ್ಟ Z[x]/(2x − 1) ತೆಗೆದುಕೊಂಡೆ. ಇಲ್ಲಿ x ಅನ್ನು 2x − 1ರಿಂದ ಭಾಗಿಸಲು ಹೋದರೆ ಮೊದಲ ಹೆಜ್ಜೆಯಲ್ಲೇ 1/2 ಬೇಕು, ಅದು Zನಲ್ಲಿ ಇಲ್ಲ. ಡಿಗ್ರಿ ಇಳಿಸುವ ದಾರಿ ಮುಚ್ಚಿತು. ತುಂಬ ಹೊತ್ತಾದ ಮೇಲೆ ಹೊಳೆದದ್ದು: ಇಲ್ಲಿ ಡಿಗ್ರಿ ಏರಿಸಬೇಕು! 1 = 2x ಆದ್ದರಿಂದ 3 + x = 6x + x = 7x. ಹೀಗೆ ಏನನ್ನು ಕೊಟ್ಟರೂ n·xᵏ ಎಂಬ ಒಂದೇ ಪದಕ್ಕೆ ತರಬಹುದು. ಅದು n/2ᵏ ಅಲ್ಲದೆ ಮತ್ತೇನು? ಛೇದದಲ್ಲಿ 2ರ ಘಾತಗಳಿರುವ ಭಿನ್ನರಾಶಿಗಳೆಲ್ಲ ಇಲ್ಲಿವೆ.

f(1/2) = 0 ಆದರೆ f ಈ ಐಡಿಯಲ್‌ನಲ್ಲೇ ಇರುತ್ತದೆ ಎಂದು ತೋರಿಸುವಾಗಲೂ ಅದೇ ತಿರುವು ಸಿಕ್ಕಿತು. Q[x]ನಲ್ಲಿ f = (2x − 1)g. ಸ್ಥಿರ ಪದದಿಂದ ಶುರುಮಾಡಿದರೆ f₀ = −g₀, ಆಮೇಲೆ f₁ = 2g₀ − g₁; ಹೀಗೆ gಯ ಸಹಗುಣಕಗಳೆಲ್ಲ ಒಂದೊಂದಾಗಿ ಪೂರ್ಣಾಂಕಗಳೇ ಆಗುತ್ತವೆ. ಮೇಲಿನ ತುದಿಯಿಂದ ಆಗದ ಭಾಗಾಕಾರ ಕೆಳಗಿನ ತುದಿಯಿಂದ ಆಯಿತು, ಏಕೆಂದರೆ ಅಲ್ಲಿರುವುದು −1.

ಈಗ ನನ್ನ ಪ್ರಶ್ನೆಗಳು. 2x − 3 ತೆಗೆದುಕೊಂಡರೆ ಎರಡೂ ತುದಿ ಕೈಕೊಡುತ್ತವೆ. ರಿಂಗ್ ಮಾತ್ರ ಹಳೆಯದೇ ಇರಬೇಕು ಎಂದು ಕಾಣುತ್ತದೆ: 2(x − 1) = 2x − 2 = 1, ಅಂದರೆ x − 1 ಎಂಬುದೇ ಅರ್ಧ. ಆದರೆ ಐಡಿಯಲ್‌ನ ವಿಷಯವನ್ನು ಕೈಯಾರೆ ಸಾಧಿಸಲು ಆಗಲಿಲ್ಲ. ಗೌಸ್ ಲೆಮ್ಮಾ ಬೇಕಾಗುವುದು ಸರಿಯಾಗಿ ಇಲ್ಲಿಯೇ ತಾನೇ? ಹಾಗಿದ್ದರೆ ಆ ಲೆಮ್ಮಾ ಏಕೆ ಬೇಕು ಎನ್ನುವುದೇ ನನಗೆ ಈಗ ಅರ್ಥವಾಗುತ್ತಿದೆ.

ಇನ್ನೊಂದು. Z[x]/(x² − 1)ರಲ್ಲಿ ಅದೇ (a + b, a − b) ಜೋಡಿ ಬರೆದರೆ ಎಲ್ಲ ಜೋಡಿಗಳೂ ಸಿಗುವುದಿಲ್ಲ. ಎರಡೂ ಸಮ ಅಥವಾ ಎರಡೂ ಬೆಸ ಆಗಿರಬೇಕು. x² − 9 ಆದರೆ ಜೋಡಿಯ ವ್ಯತ್ಯಾಸ 6ರ ಗುಣಕವಾಗಿರಬೇಕು. ಈ 2 ಮತ್ತು 6 ಮೂಲಗಳ ನಡುವಿನ ಅಂತರವೇ ಹೌದು, (x + 3) − (x − 3) = 6. R ಮೇಲೆ 6ಕ್ಕೆ ವಿಲೋಮ ಇರುವುದರಿಂದ ಅದು ಕಣ್ಣಿಗೆ ಬೀಳುವುದಿಲ್ಲ ಎನ್ನುವವರೆಗೆ ಬಂದಿದ್ದೇನೆ. ಮೂರು ಮೂಲಗಳಿದ್ದಾಗ ಈ ಷರತ್ತು ಹೇಗಿರುತ್ತದೆ? ಜೋಡಿ ಜೋಡಿಯಾಗಿ ಅಂತರ ನೋಡಿದರೆ ಸಾಕೋ, ಸಾಲದೋ? x(x − 1)(x − 2) ಹಿಡಿದು ಶುರುಮಾಡಿದ್ದೇನೆ, ಇನ್ನೂ ಮುಗಿದಿಲ್ಲ.

ಉತ್ತರವನ್ನು ಪೂರ್ತಿ ಹೇಳಬೇಡಿ ಸರ್, ಯಾವ ಉದಾಹರಣೆ ಹಿಡಿಯಬೇಕು ಎಂದಷ್ಟೇ ಹೇಳಿದರೆ ಸಾಕು. ಬರೆದ ಹಾಳೆಗಳ ಫೋಟೋ ಲಗತ್ತಿಸಿದ್ದೇನೆ, ಎರಡನೆಯದು ಸ್ವಲ್ಪ ಮಸುಕಾಗಿದೆ. ಗುರುವಾರ ಪ್ರಾಬ್ಲಂ ಕ್ಲಾಸ್ ಮುಗಿದ ಮೇಲೆ ನಿಮ್ಮ ರೂಮಿಗೆ ಬರಬಹುದೇ? ಅಂದು ಬಿಡುವಿಲ್ಲದಿದ್ದರೆ ಶುಕ್ರವಾರ ಮಧ್ಯಾಹ್ನ ನನಗೆ ಕ್ಲಾಸ್ ಇಲ್ಲ.

ವಂದನೆಗಳೊಂದಿಗೆ,
ಸುಮಾ
ಎಂ.ಎಸ್ಸಿ. ಗಣಿತ, ಮೊದಲ ಸೆಮಿಸ್ಟರ್