ದಸರಾ ರಜೆಯ ಹಂಪಿ–ಬಾದಾಮಿ ಪ್ರವಾಸ: ನಮ್ಮ ದುಡ್ಡಿನ ಲೆಕ್ಕ

ಅಪ್ಪ, ಅಮ್ಮ, ಚೇತು, ಎಲ್ಲರೂ ಓದಿ.

ಅಕ್ಟೋಬರಿನಲ್ಲೇ ಹೋಗೋಣ. ಅಷ್ಟರಲ್ಲಿ ತೋಟಕ್ಕೆ ಔಷಧಿ ಹೊಡೆದು ಮುಗಿದಿರುತ್ತದೆ, ಅಡಿಕೆ ಕೊಯ್ಲು ಇನ್ನೂ ಜೋರಾಗಿರುವುದಿಲ್ಲ. ಪುಟ್ಟಿಗೂ ರಜೆ. ನಾವು ಆರು ಜನ, ನಾಲ್ಕು ದಿನ, ಮೂರು ರಾತ್ರಿ.

ಜಾಸ್ತಿ ಖರ್ಚು ಕಾರಿಗೆ. ಶಿವಮೊಗ್ಗದಿಂದ ಹೊಸಪೇಟೆ, ಬಾದಾಮಿ ಸುತ್ತಿ ಬರಲು ಸುಮಾರು 750 ಕಿ.ಮೀ. ಆದರೆ ಟ್ಯಾಕ್ಸಿಯವರು ದಿನಕ್ಕೆ ಕನಿಷ್ಠ 250 ಕಿ.ಮೀ. ಹಿಡಿಯುತ್ತಾರೆ. ಅಂದರೆ ಓಡಲಿ ಬಿಡಲಿ, 1,000 ಕಿ.ಮೀ.ಗೆ ಕೊಡಬೇಕು. 16 ರೂಪಾಯಿಯಂತೆ 16,000, ಡ್ರೈವರ್ ಬಾಟಾ 2,000, ಟೋಲ್, ಪಾರ್ಕಿಂಗ್ 1,000. ಒಟ್ಟು 19,000. ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ ಅಲ್ವಾ ಅಂತ ಅಮ್ಮ ಕೇಳಿದ್ದಳು. ನಿಜ, ಆದರೆ ಐಹೊಳೆ, ಪಟ್ಟದಕಲ್ಲಿಗೆಲ್ಲ ಬಸ್ಸು ಹತ್ತಿ ಇಳಿಯುವುದು ಅವಳ ಮಂಡಿಗೆ ಆಗುವುದಿಲ್ಲ.

ಎರಡು ರೂಮು, ಒಂದೊಂದಕ್ಕೂ ರಾತ್ರಿಗೆ 2,500, ಜೊತೆಗೆ ಒಂದೊಂದರಲ್ಲೂ ಹೆಚ್ಚುವರಿ ಹಾಸಿಗೆಗೆ 500. ಮೂರು ರಾತ್ರಿಗೆ 18,000. ಊಟ, ತಿಂಡಿ, ಕಾಫಿಗೆ ದಿನಕ್ಕೆ 2,500ರಂತೆ 10,000. ಟಿಕೆಟ್ ದೊಡ್ಡ ಖರ್ಚಲ್ಲ. ವಿಜಯ ವಿಠ್ಠಲಕ್ಕೆ ತಲೆಗೆ 40 ರೂಪಾಯಿ, ಅದೇ ಟಿಕೆಟ್ಟಿನಲ್ಲಿ ಆ ದಿನ ಕಮಲ ಮಹಲೂ ನೋಡಬಹುದು. 15 ವರ್ಷದೊಳಗಿನವರಿಗೆ ಟಿಕೆಟ್ಟೇ ಇಲ್ಲ. ಗೈಡ್ ಮಾತ್ರ ಬೇಕೇ ಬೇಕು, ಇಲ್ಲದಿದ್ದರೆ ಸುಮ್ನೆ ಕಲ್ಲು ನೋಡಿ ಬಂದಂತಾಗುತ್ತದೆ. ಎಲ್ಲ ಸೇರಿ 4,000. ನಾಲ್ಕು ದಿನ ಹಾಲು ಕರೆದು ಕೊಟ್ಟಿಗೆ ನೋಡಿಕೊಳ್ಳುವವರಿಗೆ 2,000. ಇದೂ ಪ್ರವಾಸದ ಖರ್ಚೇ, ಅಪ್ಪ ಒಬ್ಬರೇ ಕೊಡುವುದು ಬೇಡ. ಕೈಮೀರಿದರೆ ಅಂತ 5,000. ಅಲ್ಲಿಗೆ 58,000.

ಅಪ್ಪ, ನಿಮಗೆ ತಿಂಗಳ ಕಂತು ಬೇಡ. ಮಂಡಿಯಲ್ಲಿ ಅಡಿಕೆ ಕೊಟ್ಟ ಮೇಲೆ ಮಾರ್ಚಿನೊಳಗೆ ಒಟ್ಟಿಗೆ 10,000 ಕೊಡಿ. ಅದರಲ್ಲಿ ರೂಮು, ಕಾರಿಗೆ ಮುಂಗಡ ಕೊಡುತ್ತೇನೆ. ಉಳಿದ 48,000 ಫೆಬ್ರವರಿಯಿಂದ ಸೆಪ್ಟೆಂಬರ್‌ವರೆಗೆ, ತಿಂಗಳಿಗೆ 6,000. ನಮ್ಮ ಮನೆಯಿಂದ 3,500, ಚೇತು 2,500. ಬ್ಯಾಂಕಿನಲ್ಲಿ ಎಂಟು ತಿಂಗಳ ಆರ್‌ಡಿ, ನನ್ನ ಮತ್ತು ಚೇತು ಹೆಸರಲ್ಲಿ ಜಂಟಿಯಾಗಿ. ಬಡ್ಡಿ ಅಷ್ಟೇನೂ ಬರುವುದಿಲ್ಲ, ಲೆಕ್ಕಕ್ಕೆ ಹಿಡಿದಿಲ್ಲ. ಉಳಿತಾಯ ಖಾತೆಯಲ್ಲೇ ಇದ್ದರೆ ಶಾಲೆ ಫೀಸು, ಮದುವೆ ಮುಯ್ಯಿ ಅಂತ ಕರಗಿಹೋಗುತ್ತದೆ.

ಯಾರಿಗಾದರೂ ಒಂದು ತಿಂಗಳು ಕಷ್ಟವಾದರೆ ಮುಂಚೆಯೇ ಹೇಳಿ. ಆ ತಿಂಗಳು ಇನ್ನೊಬ್ಬರು ಹಾಕಿ, ಆಮೇಲೆ ಸರಿಮಾಡಿಕೊಳ್ಳೋಣ. ಪ್ರವಾಸ ನಿಂತರೆ ಹಾಕಿದಷ್ಟು ಅವರವರಿಗೆ ವಾಪಸ್.

ಅಮ್ಮ, ನಿನ್ನ ಡೈರಿ ದುಡ್ಡು ಇದಕ್ಕೆ ಬೇಡ. ಗುಳೇದಗುಡ್ಡದ ಖಣ ಕೊಳ್ಳಬೇಕು ಅಂತ ಎಷ್ಟು ವರ್ಷದಿಂದ ಹೇಳುತ್ತಿದ್ದೀಯ! ಬಾದಾಮಿಗೆ ಅದು ಹತ್ತಿರವೇ, ಅದಕ್ಕೆ ಇಟ್ಟುಕೋ.

ಚೇತು, ಆರ್‌ಡಿ ಕಂತು 5ನೇ ತಾರೀಕಿಗೆ ಕಟ್ ಆಗುತ್ತದೆ. ನಿನ್ನ ಪಾಲು 3ರೊಳಗೆ ನನ್ನ ಖಾತೆಗೆ ಬಂದಿರಲಿ.