ಡಬ್ಬಿಯೋ, ಕಡ್ಡಿಯೋ

ಬೆಳಿಗ್ಗೆ ಹತ್ತು ಗಂಟೆಗೆ ವ್ಯಾಲರಂಟ್ ಎಂಬ ಕಂಪ್ಯೂಟರ್ ಆಟದ ಅಂತರಕಾಲೇಜು ಪಂದ್ಯ. ರಾತ್ರಿ ಹನ್ನೊಂದಾದರೂ ಮಂಜುನಾಥನ ಲ್ಯಾಪ್‌ಟಾಪು ಹದಕ್ಕೆ ಬಂದಿರಲಿಲ್ಲ. ಮೊದಲ ಹತ್ತು ನಿಮಿಷ ಅದು ಸಾಧು ಎತ್ತಿನಂತೆ ನಡೆಯುತ್ತಿತ್ತು. ಎಂಟನೇ ರೌಂಡಿನ ಸುಮಾರಿಗೆ ಸೆಕೆಂಡಿಗೆ ಐವತ್ತರ ಆಸುಪಾಸಿನಲ್ಲಿದ್ದ ಫ್ರೇಮುಗಳು ಇಪ್ಪತ್ತೆರಡಕ್ಕೆ ಇಳಿದು, ಎದುರಾಳಿ ಮೂಲೆಯಿಂದ ಹೊರಬರುವುದು ಕಾಣುವ ಮೊದಲೇ ಇವನು ಸತ್ತಿರುತ್ತಿದ್ದ. ಹದಿಮೂರು ರೌಂಡು ಗೆಲ್ಲಬೇಕಾದ ಆಟದಲ್ಲಿ ಎಂಟರವರೆಗೆ ಮಾತ್ರ ಓಡುವ ಯಂತ್ರವನ್ನು ಇಟ್ಟುಕೊಂಡು ಉಳಿದ ನಾಲ್ವರ ಮುಖ ನೋಡುವುದು ಹೇಗೆ ಎಂಬುದೇ ಅವನ ಚಿಂತೆಯಾಗಿತ್ತು.

ಆ ಲ್ಯಾಪ್‌ಟಾಪು ಮೂಲತಃ ಅವನದಲ್ಲ. ಬ್ಯಾಡಗಿಯಲ್ಲಿ ಡಬ್ಬಿ, ಕಡ್ಡಿ ಎಂಬೆರಡು ಬಗೆಯ ಮೆಣಸಿನಕಾಯಿಯ ದಲಾಲಿ ಅಂಗಡಿ ಇಟ್ಟಿರುವ ಚಿಕ್ಕಪ್ಪ ಅದನ್ನು ಲೆಕ್ಕ ಬರೆಯಲೆಂದು ಕೊಂಡು, ಆರು ವರ್ಷ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದು, ಮಂಜುನಾಥನಿಗೆ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಾಗ ಒಂದು ಹಳೆಯ ಟವೆಲ್ಲಿನಲ್ಲಿ ಸುತ್ತಿ ಕೊಟ್ಟಿದ್ದರು. ಒಳಗಿದ್ದದ್ದು 2015ರಲ್ಲಿ ಬಂದ i5-5200U ಪ್ರೊಸೆಸರು. ಬೇರೆ ಗ್ರಾಫಿಕ್ಸ್ ಕಾರ್ಡಿಲ್ಲ, 4 ಜಿಬಿ ರ‍್ಯಾಮು. ಹಾರ್ಡ್ ಡಿಸ್ಕಿನಲ್ಲಿ ಇಂದಿಗೂ ‘ಲಾಟ್ ಪಟ್ಟಿ’ ಎಂಬ ಫೋಲ್ಡರೊಂದಿತ್ತು. ಅಳಿಸಲು ಮನಸ್ಸಾಗದೆ ಅವನು ಅದನ್ನು ಹಾಗೆಯೇ ಬಿಟ್ಟಿದ್ದ.

ಸುಲಭದ ಕೆಲಸಗಳು ಬೇಗನೆ ಮುಗಿದವು. ಪರದೆಯ ರೆಸಲ್ಯೂಷನ್ 1024x768ಕ್ಕೆ ಇಳಿಯಿತು, ನೆರಳು ಹೊಳಪುಗಳೆಲ್ಲ ಹೋದವು, ಸಂಪರ್ಕಕ್ಕೆ ವೈಫೈ ನೆಚ್ಚದೆ ಪಡಸಾಲೆಯ ಸ್ವಿಚ್ಚಿನಿಂದ ಬಾಗಿಲ ಸಂದಿಯೊಳಗೆ ಲ್ಯಾನ್ ಕೇಬಲ್ಲು ಬಂತು. ಮದರ್‌ಬೋರ್ಡು ಸುಟ್ಟುಹೋದ ತನ್ನ ಲ್ಯಾಪ್‌ಟಾಪಿನಿಂದ ರೂಮ್‌ಮೇಟ್ ಇಮ್ತಿಯಾಜ್ ಒಂದು 4 ಜಿಬಿ ರ‍್ಯಾಮು ಕಿತ್ತುಕೊಟ್ಟ. ಪ್ರೊಸೆಸರಿನೊಳಗಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇರುವುದಿಲ್ಲವಾದ್ದರಿಂದ, ಒಂದೇ ರ‍್ಯಾಮಿನ ಬದಲು ಜೋಡಿ ರ‍್ಯಾಮು ಕೂತಾಗ ಅದಕ್ಕೆ ಒಂದರ ಬದಲು ಎರಡು ದಾರಿ ತೆರೆದಂತಾಗಿ, ಫ್ರೇಮುಗಳು ಕಣ್ಣಿಗೆ ಕಾಣುವಷ್ಟು ಏರಿದವು. ಆದರೆ ಎಂಟನೇ ರೌಂಡಿನ ಶಾಪ ಮಾತ್ರ ಕಳೆಯಲಿಲ್ಲ. ಯಂತ್ರದ ನಾಡಿ ಹಿಡಿದು ತೋರಿಸುವ HWiNFO ತೆರೆದು ನೋಡಿದರೆ ಉಷ್ಣತೆ 97 ಡಿಗ್ರಿ, ಬಿಸಿ ತಾಳದೆ ಪ್ರೊಸೆಸರು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತಿದೆ ಎಂದು ಸಾರುವ Core Thermal Throttling ಎಂಬ ಸಾಲಿನ ಮುಂದೆ ಕೆಂಪಕ್ಷರದ Yes.

“ವೋಲ್ಟೇಜ್ ಇಳಿಸೋ ಸಾಫ್ಟ್‌ವೇರ್ ಒಂದು ಐತಲ್ಲ, ಅದನ್ನ ಹಾಕು,” ಎಂದ ಇಮ್ತಿಯಾಜ್, ಹೊದಿಕೆಯೊಳಗಿನಿಂದಲೇ.

“ಬ್ಯಾಡಪ್ಪ. ಅಂಥಾದ್ದರ ಡ್ರೈವರಿನ ಮ್ಯಾಲ ವ್ಯಾನ್‌ಗಾರ್ಡ್‌ಗೆ ಅನುಮಾನ ಬಂದು, ನಾಳೆ ಆಟನೇ ತೆರೀಲಿಲ್ಲ ಅಂದ್ರ ಏನ್ಮಾಡ್ಲಿ?”

ಆ ಎಚ್ಚರಿಕೆ ಸರಿಯಾದದ್ದೇ. ಮೋಸ ಹಿಡಿಯುವ ಆ ಕಾವಲುಗಾರ ಕಂಪ್ಯೂಟರು ಚಾಲೂ ಆದ ಕ್ಷಣದಿಂದಲೇ ಎಚ್ಚರವಿರುತ್ತದೆ. ಪಂದ್ಯದ ಹಿಂದಿನ ರಾತ್ರಿ ಅದನ್ನು ಕೆಣಕುವವನು ಜಾಣನಲ್ಲ. ಮಂಜುನಾಥ ವಿಂಡೋಸ್ ಒಳಗೇ ಇರುವ ದಾರಿಯನ್ನು ಹಿಡಿದ.

```
powercfg /setacvalueindex SCHEME_CURRENT SUB_PROCESSOR PROCTHROTTLEMAX 99
powercfg /setactive SCHEME_CURRENT
```

ನೂರರ ಬದಲು ತೊಂಬತ್ತೊಂಬತ್ತು. ಒಂದೇ ಒಂದು ಶೇಕಡಾ ಬಿಟ್ಟುಕೊಟ್ಟರೆ ಪ್ರೊಸೆಸರು ತನ್ನ ಟರ್ಬೊ ವೇಗದ ಆಸೆಯನ್ನೇ ತೊರೆದು 2.2 ಗಿಗಾಹರ್ಟ್ಸ್‌ನಲ್ಲಿ ನಿಲ್ಲುತ್ತದೆ. ಪ್ರೊಸೆಸರು ಮತ್ತು ಗ್ರಾಫಿಕ್ಸು ಎರಡೂ ಹಂಚಿ ತಿನ್ನಬೇಕಾದ 15 ವ್ಯಾಟಿನಲ್ಲಿ ಒಂದು ಕಡಿಮೆ ಉಂಡರೆ ಇನ್ನೊಂದಕ್ಕೆ ಹೊಟ್ಟೆ ತುಂಬುತ್ತದೆ ಎಂಬ ಲೆಕ್ಕ ಅವನದು. ಲೆಕ್ಕ ತಪ್ಪಲಿಲ್ಲ, ಆದರೆ ಸಾಲಲೂ ಇಲ್ಲ: ಮುಗ್ಗರಿಸುವುದು ಎಂಟರಿಂದ ಹನ್ನೊಂದನೇ ರೌಂಡಿಗೆ ಹೋಯಿತು, ಅಷ್ಟೆ. ಬಿಸಿ ಹೊರಗೆ ಹೋಗಲು ದಾರಿಯಿಲ್ಲದ ಮನೆಯಲ್ಲಿ ಒಲೆಯನ್ನು ಸಣ್ಣಗೆ ಉರಿಸಿ ಏನು ಬಂತು?

ಹನ್ನೆರಡೂವರೆಗೆ ಅವನು ಕೆಳಗಿನ ಮಹಡಿಗೆ ಹೋಗಿ, ರಾತ್ರಿಯೆಲ್ಲ ಎದ್ದಿರುವುದಕ್ಕೇ ಹೆಸರಾದ ಮೆಕ್ಯಾನಿಕಲ್ ಸೀನಿಯರ್ ಒಬ್ಬರನ್ನು ಕಾಡಿ ಬೇಡಿ, ತಳ ಕಂಡಿದ್ದ ಥರ್ಮಲ್ ಪೇಸ್ಟ್ ಸಿರಿಂಜನ್ನೂ ಸಣ್ಣ ಸ್ಕ್ರೂಡ್ರೈವರನ್ನೂ ತಂದ. ಒಂದು ದಿನಪತ್ರಿಕೆಯ ಮೇಲೆ ಲ್ಯಾಪ್‌ಟಾಪಿನ ತಳದ ನಕ್ಷೆ ಬರೆದು, ಬಿಚ್ಚಿದ ಸ್ಕ್ರೂ ಯಾವ ಜಾಗದ್ದೋ ನಕ್ಷೆಯಲ್ಲಿಯೂ ಅದೇ ಜಾಗದಲ್ಲಿ ನಿಲ್ಲಿಸುತ್ತ ಹೋದ. ಬ್ಯಾಟರಿ ತೆಗೆದ, ಫ್ಯಾನಿನ ಮುಚ್ಚಳ ಎತ್ತಿದ. ಫ್ಯಾನಿಗೂ ತಾಮ್ರದ ಜಾಲರಿಗೂ ನಡುವೆ ಕಂಬಳಿಯ ತುಂಡೊಂದನ್ನು ಯಾರೋ ಅಳತೆ ಮಾಡಿ ಕತ್ತರಿಸಿ ಇಟ್ಟಂತಿತ್ತು. ಬೂದು ಬಣ್ಣದ ಧೂಳನ್ನು ನಿರೀಕ್ಷಿಸಿದ್ದವನು ಟಾರ್ಚು ಹತ್ತಿರ ಹಿಡಿದು ನೋಡಿದರೆ, ಆ ಪದರ ಅಂಚಿನಿಂದ ಅಂಚಿಗೆ ಕೆಂಪಗಿತ್ತು.

ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಅದನ್ನು ಎಬ್ಬಿಸಿದ್ದೇ ತಡ, ಮೊದಲು ಮೂಗು, ಆಮೇಲೆ ಕಣ್ಣು, ಆಮೇಲೆ ಗಂಟಲು. ಮಂಜುನಾಥ ಏಳು ಸಲ ಸೀನಿದ. ನಿದ್ದೆಗೆ ಜಾರಿದ್ದ ಇಮ್ತಿಯಾಜ್ ಸೀನುತ್ತಲೇ ಎದ್ದು ಕುಳಿತು, “ಯಾವನಲೇ ಈ ಹೊತ್ತಿನಾಗ ಒಗ್ಗರಣೆ ಹಾಕಾಕತ್ತಾನ?” ಎಂದು ಕೇಳಿದ. ಪಕ್ಕದ ಕೋಣೆಯವರು ಗೋಡೆ ಗುದ್ದಿದರು. ಕಿಟಕಿ ತೆರೆದು, ಬಾಯಿಗೆ ಕರವಸ್ತ್ರ ಕಟ್ಟಿಕೊಂಡು, ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಲ್ಲಿ ಹಿಡಿದು ಒಂದೊಂದನ್ನೇ ಉಜ್ಜುವ ಹೊತ್ತಿಗೆ ಒಂದೂವರೆ ದಾಟಿತ್ತು. ಆರು ವರ್ಷದ ಹರಾಜುಗಳಲ್ಲಿ ಗೋಣಿಚೀಲದಿಂದ ಎದ್ದ ಘಾಟೆಲ್ಲ ಆ ಯಂತ್ರದ ಎದೆಯಲ್ಲಿ ಕೂತು ಕಾದಿದ್ದಂತಿತ್ತು.

ಹೀಟ್‌ಸಿಂಕ್ ಎತ್ತಿದಾಗ ಹಳೆಯ ಪೇಸ್ಟು ಒಣಗಿದ ಸುಣ್ಣದಂತೆ ಚಕ್ಕೆಯೆದ್ದಿತು. ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿದ ಮೇಲೆ, ಅಕ್ಕಪಕ್ಕ ಕೂತ ಎರಡು ಸಿಲಿಕಾನ್ ತುಣುಕುಗಳು ಕನ್ನಡಿಯಂತೆ ಹೊಳೆದವು. ದೊಡ್ಡದು ಪ್ರೊಸೆಸರು, ಚಿಕ್ಕದು ಚಿಪ್‌ಸೆಟ್ಟು. ಸಿರಿಂಜಿನಲ್ಲಿ ಉಳಿದಿದ್ದದ್ದು ಎರಡು ಜೋಳದ ಕಾಳಿನಷ್ಟು ಮಾತ್ರ. ಅದನ್ನು ದೊಡ್ಡದರ ಮೇಲೆ ಇಟ್ಟು, ಮುಚ್ಚಿ, ಸ್ಕ್ರೂಗಳನ್ನು ಓರೆಗೆ ಓರೆಯಾಗಿ ಸ್ವಲ್ಪ ಸ್ವಲ್ಪವೇ ಬಿಗಿದ. ನಕ್ಷೆಯ ಮೇಲೆ ಒಂದು ಸ್ಕ್ರೂ ಉಳಿಯಿತು. ಅದು ಎಲ್ಲಿಯದೆಂದು ಅವನಿಗೆ ಗೊತ್ತಿತ್ತು. ಅದಕ್ಕಾಗಿ ಮತ್ತೆ ಎಲ್ಲವನ್ನೂ ಬಿಚ್ಚುವ ಧೈರ್ಯ ಇರಲಿಲ್ಲ. ಅದು ಬೆಂಕಿಪೊಟ್ಟಣ ಸೇರಿತು.

ಬಟನ್ ಒತ್ತಿದಾಗ ಏನೂ ಆಗಲಿಲ್ಲ. ಇಮ್ತಿಯಾಜ್ ಮಾತಾಡಲಿಲ್ಲ, ಅವನೂ ಈಗ ಹಾಸಿಗೆಯಿಂದಿಳಿದು ಪಕ್ಕದಲ್ಲಿ ಕೂತಿದ್ದ. ಬ್ಯಾಟರಿ ಹಾಕುವುದು ಮರೆತಿದೆ, ಚಾರ್ಜರೂ ಚುಚ್ಚಿಲ್ಲ ಎಂಬುದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

ಎರಡೂವರೆಯಿಂದ ಮೂರೂಕಾಲರವರೆಗೆ ಒಂದು ಪೂರ್ತಿ ಆಟ. ಎಂಟು ಕಳೆಯಿತು, ಹನ್ನೊಂದು ಕಳೆಯಿತು, ಹದಿನೆಂಟನೇ ರೌಂಡಿನಲ್ಲಿ ಉಷ್ಣತೆ 76 ಡಿಗ್ರಿ. ಫ್ರೇಮುಗಳು ಐವತ್ತೈದರ ಆಚೀಚೆ ಅಲುಗದೆ ನಿಂತಿದ್ದವು. ಆಟದಲ್ಲಿ ಅವನ ತಂಡ ಸೋತಿತು, ಆದರೆ ಅದನ್ನು ಇಬ್ಬರೂ ಗಮನಿಸಲಿಲ್ಲ.

ಮಲಗುವ ಮೊದಲು, ಕಾಗದದ ಮೇಲೆ ಎತ್ತಿಟ್ಟಿದ್ದ ಆ ಕೆಂಪು ಪದರದ ಚಿತ್ರ ತೆಗೆದು, “ಚಿಕ್ಕಪ್ಪ, ಇದು ನಿಮ್ಮ ಲ್ಯಾಪ್‌ಟಾಪಿನಾಗ ಸಿಕ್ತು. ಇಡೀ ಹಾಸ್ಟೆಲ್ಲು ಸೀನಿತು” ಎಂದು ಬರೆದು ಕಳುಹಿಸಿದ. ಎಂಟು ಗಂಟೆಗೆ ಅಲಾರಾಂ ಹೊಡೆದು ಎದ್ದಾಗ ಉತ್ತರ ಬಂದು ಎರಡು ತಾಸಾಗಿತ್ತು.

“ಬಣ್ಣ ನೋಡಿದ್ರ ಡಬ್ಬಿ ಇದ್ದಂಗೈತಿ. ಕಡ್ಡಿನೂ ಕೂಡಿರಬೇಕು. ಚೆಲ್ಲಬ್ಯಾಡ, ಬರೋವಾಗ ತಗೊಂಡ್ ಬಾ, ನೋಡೂಣು.”